ಕೀಲಿ ಕೊಡುವ ತಗಡಿನ ಕಾರಿನ ಕಾಲನಿರ್ಣಯ ಮತ್ತು ದುರಸ್ತಿ

ದಾವಣಗೆರೆಯ ಮಂಡಿಪೇಟೆಯ ಹಳೆಯ ಮನೆಯೊಂದರ ಟ್ರಂಕಿನಿಂದ ಹೊರಬಂದ ಈ ಕಾರು 19 ಸೆಂಟಿಮೀಟರ್ ಉದ್ದವಿದೆ. ಮೈ ಕೆಂಪು, ಛಾವಣಿ ಕೆನೆಬಣ್ಣ. ಕಿಟಕಿಗಳಲ್ಲಿ ಟೋಪಿ ಹಾಕಿದ ಚಾಲಕನೂ ಹಿಂದೆ ಕುಳಿತ ಇಬ್ಬರು ಪ್ರಯಾಣಿಕರೂ ಅಚ್ಚಾಗಿದ್ದಾರೆ. ಎದ್ದು ನಿಂತ ಮೂತಿ, ಬಾಗಿದ ಮಡ್‌ಗಾರ್ಡು, ಬಾಗಿಲ ಕೆಳಗಿನ ಮೆಟ್ಟಿಲುಪಟ್ಟಿ, ಇವನ್ನೆಲ್ಲ ನೋಡಿದರೆ 1930ರ ದಶಕದ ಮೋಟಾರು ಕಾರಿನ ಆಕಾರವೆಂದು ಯಾರಾದರೂ ಹೇಳುತ್ತಾರೆ. ಬಲಬದಿಯ ಹಿಂದಿನ ಚಕ್ರದ ಮೇಲೆ ಒಂದು ತೂತಿದ್ದು, ಅದರೊಳಗಿಂದ ಕೀಲಿ ಹಾಕುವ ದಂಡ ಇಣುಕುತ್ತದೆ. ದಾರದಲ್ಲಿ ಕಟ್ಟಿಟ್ಟಿದ್ದ ಹಿತ್ತಾಳೆಯ ಕೀಲಿಯೊಂದೂ ಜೊತೆಗೇ ಬಂದಿತು. ತಂದುಕೊಟ್ಟವರು ನಿವೃತ್ತ ಶಿಕ್ಷಕಿ. "ನಮ್ಮ ತಂದೆಯವರು ಸ್ವಾತಂತ್ರ್ಯಕ್ಕೆ ಮುಂಚೆ ಮುಂಬಯಿಯಿಂದ ತಂದಿದ್ದಂತೆ. ಓಡಿದರೆ ಸಾಕು, ಅದರ ಜೊತೆಗೆ ಎಷ್ಟು ಹಳೆಯದು ಅನ್ನುವುದನ್ನೂ ನೋಡಿ ಹೇಳಿ" ಎಂದರು.

ವಯಸ್ಸು ನೋಡುವ ಕೆಲಸವನ್ನು ದುರಸ್ತಿಗಿಂತ ಮೊದಲೇ ಮುಗಿಸಬೇಕು. ಸೀಮೆಎಣ್ಣೆಯಲ್ಲಿ ಒಮ್ಮೆ ತೊಳೆದರೆ ಯಾವ ಭಾಗದ ಮೇಲೆ ಹಳೆಯ ಎಣ್ಣೆ ಒಣಗಿ ಅಂಟಾಗಿತ್ತು, ಯಾವುದರ ಮೇಲೆ ಇರಲಿಲ್ಲ ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಅರದಿಂದ ಉಜ್ಜಿದರೆ ಹಿಂದಿನವರು ಉಜ್ಜಿದ ಗೆರೆ ಉಳಿಯುವುದಿಲ್ಲ. ಇನ್ನು ಕಾಲನಿರ್ಣಯದಲ್ಲಿ ನಾನು ಹಿಡಿದುಕೊಳ್ಳುವುದು ಒಂದೇ ಸೂತ್ರವನ್ನು: ಗೊಂಬೆಯೊಂದು ತನ್ನಲ್ಲಿರುವ ಅತ್ಯಂತ ಹೊಸ ಮೂಲ ಭಾಗಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಈ ಮಾತಿನಲ್ಲಿ ತೂಕವಿರುವುದು 'ಮೂಲ' ಎಂಬುದಕ್ಕೆ. ಕೀಲಿ, ಚಕ್ರ, ಸ್ಪ್ರಿಂಗು ಇವೆಲ್ಲ ಮಧ್ಯದಲ್ಲಿ ಬದಲಾಗಬಹುದಾದವುಗಳಾದ್ದರಿಂದ, ಅವು ಮೊದಲಿನಿಂದಲೂ ಇದೇ ಗೊಂಬೆಯವೆಂದು ಖಚಿತವಾಗುವವರೆಗೆ ಅವುಗಳ ಸಾಕ್ಷ್ಯವನ್ನು ಒಪ್ಪುವಂತಿಲ್ಲ. ಆಕಾರದ ಸಾಕ್ಷ್ಯವಂತೂ ಎಲ್ಲಕ್ಕಿಂತ ದುರ್ಬಲ. ತಗಡನ್ನು ಒತ್ತುವ ಉಕ್ಕಿನ ಅಚ್ಚು ಮಾಡಿಸಲು ಬಹಳ ಖರ್ಚಾಗುತ್ತದೆ. ಮಾಡಿಸಿದ ಮೇಲೆ ಸವೆಯುವವರೆಗೂ ಬಳಸುತ್ತಾರೆ, ಮಾರುತ್ತಾರೆ, ಕೊಂಡವರು ಮತ್ತೆ ಬಳಸುತ್ತಾರೆ. ಹಾಗಾಗಿ ಬೀದಿಯಿಂದ ಮರೆಯಾದ ಕಾರು ಗೊಂಬೆಯಾಗಿ ದಶಕಗಳ ಕಾಲ ತಯಾರಾಗುವುದು ಈ ಉದ್ಯಮದಲ್ಲಿ ಸಾಮಾನ್ಯ.

ಮೊದಲು ಕೀಲಿಯನ್ನೇ ನೋಡಿದೆ, ಏಕೆಂದರೆ ಮನೆಯವರ ನಂಬಿಕೆಗೆ ಅದೇ ದೊಡ್ಡ ಆಧಾರವಾಗಿತ್ತು. ಕಳಚಿ ತೆಗೆಯಬಹುದಾದ ಕೀಲಿ, ಅದೂ ದಪ್ಪ ಹಿತ್ತಾಳೆಯದು, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಗೊಂಬೆಯ ಲಕ್ಷಣವೆಂದು ಸಂಗ್ರಾಹಕರಲ್ಲಿ ಮಾತಿದೆ. ಅದರಲ್ಲಿ ಅರ್ಧ ಸತ್ಯವಿದೆ. ದುಬಾರಿ ಜರ್ಮನ್ ಗೊಂಬೆಗಳಲ್ಲಿ ಗಡಿಯಾರದ ಹಾಗೆ ಚೌಕ ದಂಡವೂ ಪ್ರತ್ಯೇಕ ಕೀಲಿಯೂ ಇರುತ್ತಿದ್ದವು. ಯುದ್ಧಾನಂತರದ ಅಗ್ಗದ ಗೊಂಬೆಗಳಲ್ಲಿ ದಂಡಕ್ಕೇ ಖಾಯಂ ಆಗಿ ಕೂಡಿಸಿದ, ತಂತಿಯನ್ನು ಬಗ್ಗಿಸಿ ಅಥವಾ ತಗಡನ್ನು ಚಿಟ್ಟೆಯ ಆಕಾರಕ್ಕೆ ಕತ್ತರಿಸಿ ಮಾಡಿದ ಕೀಲಿ ಹೆಚ್ಚು. ಆದರೆ ಯುದ್ಧಕ್ಕೆ ಮುಂಚೆಯೂ ಅಗ್ಗದ ಗೊಂಬೆಗಳಿಗೆ ಖಾಯಂ ಕೀಲಿ ಇದ್ದುದರಿಂದ, ಖಾಯಂ ಕೀಲಿ ಕಂಡೊಡನೆ ಗೊಂಬೆ ಹೊಸದೆಂದು ಹೇಳಲು ಬಾರದು. ಕಳಚುವ ಕೀಲಿ ಕಂಡೊಡನೆ ಹಳೆಯದೆನ್ನುವುದೂ ಅಷ್ಟೇ ಅಪಾಯ.

ಈ ಕಾರಿನ ವಿಷಯದಲ್ಲಿ ಆ ಅಪಾಯವೇ ಎದುರಾಯಿತು. ಹಿತ್ತಾಳೆಯ ಕೀಲಿಯನ್ನು ದಂಡಕ್ಕೆ ಹಾಕಿದರೆ ಸಡಿಲವಾಗಿ ಜಾರುತ್ತಿತ್ತು. ವರ್ನಿಯರ್‌ನಲ್ಲಿ ಅಳೆದಾಗ ದಂಡದ ಚೌಕ 3 ಮಿಲಿಮೀಟರ್, ಕೀಲಿಯ ಒಳಚೌಕ 3.5 ಮಿಲಿಮೀಟರ್, ಅದು ಯಾವುದೋ ಗೋಡೆ ಗಡಿಯಾರದ ಕೀಲಿ. ಹತ್ತು ಪಟ್ಟು ಹಿಗ್ಗಿಸುವ ಕಣ್ಣುಗಾಜಿನಲ್ಲಿ ದಂಡದ ತುದಿಯನ್ನು ನೋಡಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಯಿತು. ಚೌಕದ ನಾಲ್ಕು ಮುಖಗಳೂ ಒಂದೇ ಅಗಲವಿರಲಿಲ್ಲ, ಮೇಲೆಲ್ಲ ಓರೆಯಾದ ಅರದ ಗೆರೆಗಳಿದ್ದವು. ಕಾರ್ಖಾನೆಯಲ್ಲಿ ಮಾಡಿದ ಚೌಕ ಹೀಗೆ ವಕ್ರವಾಗಿರುವುದಿಲ್ಲ. ತುತ್ತತುದಿಯಲ್ಲಿ ಅರ್ಧಚಂದ್ರದಂಥ ಒಂದು ಬಾಗು ಉಳಿದಿತ್ತು. ಅದು ದಂಡಕ್ಕೆ ಅಡ್ಡಲಾಗಿ ಕೊರೆದಿದ್ದ ತೂತಿನ ಅರ್ಧ ಭಾಗ. ಅಂದರೆ ಮೊದಲು ಆ ತೂತಿನಲ್ಲಿ ತಂತಿಯ ಕೀಲಿಯೊಂದು ತೂರಿಕೊಂಡಿತ್ತು; ತೂತಿರುವಲ್ಲಿ ದಂಡ ಎಲ್ಲಕ್ಕಿಂತ ದುರ್ಬಲವಾದ್ದರಿಂದ ಅಲ್ಲೇ ಮುರಿಯಿತು; ಬಳಿಕ ಯಾರೋ ಉಳಿದ ತುಂಡನ್ನು ಉಜ್ಜಿ ಚೌಕ ಮಾಡಿ ಗಡಿಯಾರದ ಕೀಲಿಯಿಂದ ಕೆಲಸ ಸಾಗಿಸಿದರು.

ಇದಕ್ಕೆ ಎರಡನೆಯ ಸಾಕ್ಷಿ ಕಾರಿನ ಮೈಮೇಲೆಯೇ ಇತ್ತು. ಕೀಲಿಯ ತೂತಿನ ಸುತ್ತ ಕೆಂಪು ಬಣ್ಣ ಸವೆದು, ಸುಮಾರು 28 ಮಿಲಿಮೀಟರ್ ಅಡ್ಡಳತೆಯ ತೆಳುವಾದ ವೃತ್ತವೊಂದು ಓರೆ ಬೆಳಕಿನಲ್ಲಿ ಕಾಣುತ್ತಿತ್ತು. ಖಾಯಂ ಕೀಲಿಯಿದ್ದರೆ ಕಾರು ಓಡುವಾಗಲೂ ಅದು ತಿರುಗುತ್ತಲೇ ಇರುತ್ತದೆ, ಸ್ವಲ್ಪ ಬಾಗಿದ್ದರಂತೂ ಅದರ ರೆಕ್ಕೆ ಮೈಗೆ ತಾಗಿ ಸುತ್ತಲೂ ಗೀರುತ್ತದೆ. ತೆಗೆದಿಡುವ ಕೀಲಿ ಇಷ್ಟು ನಿಖರವಾದ ವೃತ್ತವನ್ನು ಬಿಡುವುದಿಲ್ಲ. ಕೀಲಿ ಹಾಕುವಾಗ ತಪ್ಪಿ ತಾಗಿದ ಅಡ್ಡಾದಿಡ್ಡಿ ಗೀರುಗಳನ್ನಷ್ಟೇ ಬಿಡುತ್ತದೆ. ಹಿತ್ತಾಳೆಯ ಕೀಲಿಯ ರೆಕ್ಕೆಯ ಅಗಲ 35 ಮಿಲಿಮೀಟರ್, ಆದ್ದರಿಂದ ಆ ವೃತ್ತ ಅದರದ್ದಲ್ಲ. ಇಲ್ಲಿಗೆ ಹಿತ್ತಾಳೆಯ ಕೀಲಿಯನ್ನು ಸಾಕ್ಷ್ಯದಿಂದ ಕೈಬಿಟ್ಟೆ.

ಬಿಚ್ಚುವ ಮುನ್ನ ಎಲ್ಲ ಕಡೆಯಿಂದ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಂಡೆ. ಕಾರಿನ ಮೈಯನ್ನು ಕೆಳತಟ್ಟೆಗೆ ಹಿಡಿದಿದ್ದುದು ಎಂಟು ತಗಡಿನ ನಾಲಿಗೆಗಳು. ಸೀಳಿನಿಂದ ಹೊರಬಂದು ಮಡಿಚಿಕೊಂಡಿದ್ದವು. ಎಲ್ಲಿಯೂ ಬೆಸುಗೆಯಿರಲಿಲ್ಲ. ಪೂರ್ತಿ ಬೆಸುಗೆಯ ಗೊಂಬೆಯಾಗಿದ್ದರೆ ಹತ್ತೊಂಬತ್ತನೆಯ ಶತಮಾನದ ಕಡೆಗೆ ನೋಡಬೇಕಿತ್ತು, ಆದರೆ ನಾಲಿಗೆ ಮತ್ತು ಸೀಳಿನ ಜೋಡಣೆ ಆಮೇಲಿನ ಎಲ್ಲ ಕಾಲದಲ್ಲೂ ಇರುವುದರಿಂದ ಅದರಿಂದ ಹೆಚ್ಚೇನೂ ತಿಳಿಯದು. ತಿಳಿಯುವುದು ಇನ್ನೊಂದು: ಈ ನಾಲಿಗೆಗಳ ಮಡಿಕೆಯಲ್ಲಿ ಒಂದೇ ಒಂದು ಗೆರೆಯಿತ್ತು. ಒಮ್ಮೆ ಬಿಚ್ಚಿ ಮತ್ತೆ ಮಡಿಚಿದ ನಾಲಿಗೆಯಲ್ಲಿ ಎರಡನೆಯ ಗೆರೆ, ತವರ ಎದ್ದ ಬಿಳುಪು, ಕೆಲವೊಮ್ಮೆ ಸಣ್ಣ ಬಿರುಕು ಇರುತ್ತದೆ. ಇಲ್ಲಿ ಅದಾವುದೂ ಇಲ್ಲದ್ದರಿಂದ ಕಾರ್ಖಾನೆಯಿಂದ ಬಂದ ಮೇಲೆ ಇದನ್ನು ಯಾರೂ ತೆರೆದಿಲ್ಲ, ಒಳಗಿರುವುದೆಲ್ಲ ಮೂಲ ಭಾಗವೇ ಎಂದಾಯಿತು. ಮುಂದಿನ ತೀರ್ಮಾನಗಳೆಲ್ಲ ನಿಂತಿರುವುದು ಈ ಒಂದು ಗೆರೆಯ ಮೇಲೆ.

ನಾಲಿಗೆಯನ್ನು ಎತ್ತಲು ಚೂಪಾದ ಸ್ಕ್ರೂಡ್ರೈವರ್ ಬಳಸಬಾರದು. ತುದಿಯನ್ನು ಮೊಂಡು ಮಾಡಿದ ತೆಳುವಾದ ಹಿತ್ತಾಳೆಯ ಪಟ್ಟಿಯನ್ನು ಕೆಳಗೆ ತೂರಿಸಿ, ಒಂದೇ ಸಲಕ್ಕೆ ನೆಟ್ಟಗಾಗಿಸದೆ ಎಂಟನ್ನೂ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿದೆ. ಪೂರ್ತಿ ನೆಟ್ಟಗಾಗುವ ಅಗತ್ಯವಿಲ್ಲ, ಸೀಳಿನಿಂದ ಜಾರುವಷ್ಟಾದರೆ ಸಾಕು. ಉಳಿಸಿಕೊಂಡ ಬಾಗು ಮತ್ತೆ ಮಡಿಚುವಾಗ ನಾಲಿಗೆಯನ್ನು ಕಾಪಾಡುತ್ತದೆ.

ಒಳಗಿನ ಯಂತ್ರ ಸರಳವಾಗಿತ್ತು. ಎರಡು ಉಕ್ಕಿನ ಪಕ್ಕತಟ್ಟೆಗಳು, ಅವುಗಳ ನಡುವೆ ಡಬ್ಬಿಯಿಲ್ಲದೆ ಬಯಲಾಗಿಯೇ ಇರುವ ಸುರುಳಿ ಸ್ಪ್ರಿಂಗು, ಮೂರು ಹಲ್ಲಿನ ಚಕ್ರಗಳು, ಕೊನೆಯದು ಹಿಂದಿನ ಅಚ್ಚಿನ ಮೇಲೆ. ತಟ್ಟೆಗಳನ್ನು ಕೂಡಿಸಿದ್ದು ತಿರುಪು ಅಥವಾ ನಟ್ಟುಗಳಿಂದಲ್ಲ, ಅವುಗಳದೇ ಅಂಚಿನ ಮಡಿಕೆಗಳಿಂದ. ಹಲ್ಲಿನ ಚಕ್ರಗಳು ಹಿತ್ತಾಳೆಯಲ್ಲಿ ಕೊರೆದವಲ್ಲ, ತೆಳು ಉಕ್ಕಿನ ತಗಡಿನಿಂದ ಒತ್ತಿ ಕತ್ತರಿಸಿದವು. ಬೆರಳಿನಿಂದ ಸವರಿದರೆ ಒಂದು ಮುಖದ ಅಂಚು ದುಂಡಗೆ, ಇನ್ನೊಂದು ಮುಖದ ಅಂಚು ಹರಿತವಾಗಿರುವುದು ಕೈಗೆ ತಿಳಿಯುತ್ತದೆ. ಕೀಲಿ ಹಿಂದಕ್ಕೆ ಜಾರದಂತೆ ತಡೆಯಲು ಪ್ರತ್ಯೇಕ ಕೊಕ್ಕೆಯೂ ಅದರ ಪುಟ್ಟ ಸ್ಪ್ರಿಂಗೂ ಇರಲಿಲ್ಲ. ಅದರ ಬದಲು ಮೊದಲ ಚಕ್ರಕ್ಕೆ ಒತ್ತಿಕೊಂಡಿರುವ, ನಕ್ಷತ್ರದ ಹಾಗೆ ಕಾಲುಗಳಿರುವ ಒಂದು ಸ್ಪ್ರಿಂಗ್ ಬಿಲ್ಲೆಯಿತ್ತು. ಕೀಲಿ ಕೊಡುವಾಗ ಬಿಲ್ಲೆಯ ಕಾಲುಗಳು ಚಕ್ರದ ತೂತುಗಳನ್ನು ಹಾರಿ ಹಾರಿ ದಾಟುತ್ತವೆ, ಕರ್‌ಕರ್ ಶಬ್ದ ಬರುವುದು ಅದರಿಂದಲೇ; ಬಿಟ್ಟಾಗ ತೂತುಗಳಿಗೆ ಸಿಕ್ಕಿಕೊಂಡು ಚಕ್ರವನ್ನು ಎಳೆದೊಯ್ಯುತ್ತವೆ.

ಇಷ್ಟರಿಂದ ತಿಳಿಯುವುದು ಇದು ಅಗ್ಗದ, ರಾಶಿಗಟ್ಟಲೆ ಮಾಡಿದ ಯಂತ್ರವೆಂದು. ಇಂಥದ್ದೇ ಯಂತ್ರವನ್ನು ಯುದ್ಧಕ್ಕೆ ಮುಂಚೆಯೂ ಜಪಾನಿನಲ್ಲಿ ಮಾಡುತ್ತಿದ್ದುದರಿಂದ, ಇದಕ್ಕಿಂತ ಹಳೆಯದಿರಲಾರದು ಎನ್ನುವ ಕೆಳಗಿನ ಗಡಿ ಇನ್ನೂ ಸಿಗಲಿಲ್ಲ. ಇದಕ್ಕಿಂತ ಹೊಸದಿರಲಾರದು ಎನ್ನುವ ಮೇಲಿನ ಗಡಿಯ ಬಗ್ಗೆ ಮಾತ್ರ ಒಂದು ಸುಳಿವು ದೊರೆಯಿತು: ಎಲ್ಲಿಯೂ ಪ್ಲಾಸ್ಟಿಕ್ ಇಲ್ಲ. ಚಕ್ರಗಳು ಅಚ್ಚಾದ ತಗಡಿನವು, ಹಲ್ಲಿನ ಚಕ್ರಗಳಲ್ಲಿ ನೈಲಾನ್ ಇಲ್ಲ, ಮುಂದಿನ ದೀಪಗಳೂ ತಗಡಿನ ಉಬ್ಬುಗಳೇ. ಇದ್ದಿದ್ದರೆ ಅದು ಬಲವಾದ ಸಾಕ್ಷ್ಯವಾಗುತ್ತಿತ್ತು. ಇಲ್ಲದಿರುವುದು ಅಷ್ಟು ಬಲವಾದದ್ದಲ್ಲ, ಏಕೆಂದರೆ ಹಳೆಯ ಅಚ್ಚುಗಳಿರುವ ಸಣ್ಣ ಕಾರ್ಖಾನೆ ಪ್ಲಾಸ್ಟಿಕ್ ಬಂದ ಮೇಲೂ ತಗಡನ್ನೇ ಒತ್ತುತ್ತಿರುತ್ತದೆ.

ಬಣ್ಣದ ಪರೀಕ್ಷೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಬಣ್ಣವನ್ನು ಬಳಿದರೋ ಅಚ್ಚು ಹಾಕಿದರೋ ಎಂಬುದು. ತಗಡಿನ ಮೇಲೆ ನೇರವಾಗಿ ಅಚ್ಚು ಹಾಕುವ ಆಫ್‌ಸೆಟ್ ಲಿಥೋ ವಿಧಾನಕ್ಕೆ 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ ಪೇಟೆಂಟ್ ಪಡೆದ. ಕಲ್ಲಿನ ಮೇಲಿನ ಚಿತ್ರ ಮೊದಲು ಮೆತ್ತನೆಯ ಉರುಳೆಗೆ, ಅಲ್ಲಿಂದ ಗಟ್ಟಿ ತಗಡಿಗೆ ಇಳಿಯುತ್ತದೆ. ಬಳಿಕ ಗೊಂಬೆಯವರೂ ಅದನ್ನು ಹಿಡಿದರು, ಕೈಯಿಂದ ಬಣ್ಣ ಬಳಿಯುವುದು ನಿಧಾನವಾಗಿ ಹಿಂದಾಯಿತು. ಅಚ್ಚು ಬೀಳುವುದು ಹಾಳೆ ಸಪಾಟಾಗಿರುವಾಗ, ಒತ್ತಿ ಕತ್ತರಿಸುವುದು ಆಮೇಲೆ. ಆದ್ದರಿಂದ ಅಚ್ಚಾದ ಗೊಂಬೆಯಲ್ಲಿ ಮಡಿಚಿದ ನಾಲಿಗೆಯ ಮೇಲೂ ಮೈಯ ಬಣ್ಣವಿರುತ್ತದೆ, ಕತ್ತರಿಸಿದ ಅಂಚು ಬರಿದಾಗಿ ಹೊಳೆಯುತ್ತದೆ, ಉಬ್ಬುಗಳ ಮೇಲೆ ಗೆರೆಗಳು ಎಳೆದಂತಾಗಿರುತ್ತವೆ. ಬಳಿದ ಗೊಂಬೆಯಲ್ಲಿ ಬಣ್ಣ ಸಂದುಗಳನ್ನು ದಾಟಿ ಹರಿದಿರುತ್ತದೆ. ಈ ಕಾರಿನ ನಾಲಿಗೆಗಳು ಕೆಂಪಾಗಿದ್ದವು, ಬಾನೆಟ್ಟಿನ ಬಾಗಿನಲ್ಲಿ ಹಳದಿ ಪಟ್ಟೆ ಅಗಲವಾಗಿತ್ತು. ಆದರೆ ಮೂತಿಯ ಎಡಮೂಲೆಯ ಕೆಂಪು ಮಾತ್ರ ಬೇರೆಯೇ ಛಾಯೆಯದಾಗಿದ್ದು, ಕಣ್ಣುಗಾಜಿನಲ್ಲಿ ಕುಂಚದ ಎಳೆಗಳು ಕಂಡವು.

ಅದನ್ನು ಖಚಿತಪಡಿಸಿಕೊಳ್ಳಲು ಹತ್ತಿಯ ಕಡ್ಡಿಗೆ ಒಂದೇ ಹನಿ ಅಸಿಟೋನ್ ಹಾಕಿ, ಮೊದಲು ಮೈಯ ಕೆಳಬದಿಯ ಮರೆಯಾದ ಅಂಚಿನಲ್ಲಿ ಒತ್ತಿ ನೋಡಿದೆ. ಒಲೆಯಲ್ಲಿ ಸುಟ್ಟು ಗಟ್ಟಿಯಾದ ಲಿಥೋ ಶಾಯಿ ಕ್ಷಣಮಾತ್ರದ ಸ್ಪರ್ಶಕ್ಕೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಇಲ್ಲೂ ಹತ್ತಿ ಬಿಳಿಯಾಗಿಯೇ ಉಳಿಯಿತು. ಮೂತಿಯ ಆ ತೇಪೆಯ ಮೇಲೆ ಒತ್ತಿದಾಗ ಹತ್ತಿ ಕೆಂಪಾಯಿತು. ಅಲ್ಲಿಗೆ ಅದು ಆಮೇಲೆ ಬಳಿದ ಬಣ್ಣವೆಂದು ತಿಳಿದು ಸಾಕ್ಷ್ಯದಿಂದ ಹೊರಗಿಟ್ಟೆ. ಎಲ್ಲ ಶಾಯಿಯೂ ಒಂದೇ ಸಮ ಗಟ್ಟಿಯಲ್ಲ, ಮೇಲಿನ ವಾರ್ನಿಷ್ ಮಬ್ಬಾಗುವುದುಂಟು, ಆದ್ದರಿಂದ ಈ ಪರೀಕ್ಷೆಯನ್ನು ಎದುರಿಗೆ ಕಾಣುವ ಜಾಗದಲ್ಲಿ ಆರಂಭಿಸಲೇಬಾರದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ತೇಪೆಯನ್ನು ಒಣಗಿದಂತೆಯೇ ಉಜ್ಜಿ ಪುಡಿ ಎಬ್ಬಿಸುವುದು ಬೇಡ.

ಕಿಟಕಿಯ ಮುಖಗಳನ್ನು ಹಿಗ್ಗಿಸಿ ನೋಡಿದಾಗ ಕೆನ್ನೆಯ ಬಣ್ಣ ಹಳದಿಯ ಮೇಲೆ ಸಾಲುಸಾಲಾದ ಕೆಂಪು ಚುಕ್ಕೆಗಳಿಂದಾಗಿತ್ತು. ಉಳಿದ ಭಾಗಗಳಲ್ಲಿ ಚುಕ್ಕೆಗಳಿಲ್ಲ. ಕೆಂಪು, ಹಳದಿ, ಕಪ್ಪು, ಕೆನೆ, ಪ್ರತಿಯೊಂದೂ ತನ್ನದೇ ಶಾಯಿಯಲ್ಲಿ ಸಪಾಟಾಗಿ ಬಿದ್ದಿತ್ತು. ಈಚೆಗೆ ಅಲಂಕಾರಕ್ಕೆಂದು ಮಾಡುವ ನಕಲುಗಳಲ್ಲಿ ಛಾಯಾಚಿತ್ರದ ಮುದ್ರಣದಂತೆ ನಾಲ್ಕು ಬಣ್ಣದ ಚುಕ್ಕೆಗಳು ಎಲ್ಲೆಡೆ ಬೆರೆತು ಹೂವಿನಾಕಾರ ಮಾಡುವುದು ಸಾಮಾನ್ಯ, ಅದು ಇಲ್ಲಿರಲಿಲ್ಲ. ಹಳದಿ ಪಟ್ಟೆ ತನ್ನ ಕಪ್ಪು ಗೆರೆಯಿಂದ ಅರ್ಧ ಮಿಲಿಮೀಟರ್‌ನಷ್ಟು ಆಚೆ ಸರಿದಿತ್ತು. ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ 'ಮೇಡ್ ಇನ್ ಇಂಡಿಯಾ' ಎಂದಷ್ಟೇ ಇತ್ತು, ತಯಾರಕರ ಗುರುತಿರಲಿಲ್ಲ. ಜಪಾನಿನ ಗೊಂಬೆಯಾಗಿದ್ದರೆ ಕೆಲಸ ಸುಲಭವಿತ್ತು. 1947ರಿಂದ 1952ರ ನಡುವಿನ ರಫ್ತಿನ ಸರಕಿನ ಮೇಲೆ 'ಆಕ್ಯುಪೈಡ್ ಜಪಾನ್' ಎಂಬ ಮುದ್ರೆ ಹಲವೆಡೆ ಸಿಗುತ್ತದೆ. ಭಾರತದ ಮುದ್ರೆ ಅಂಥ ಗಡಿಯನ್ನು ಕೊಡುವುದಿಲ್ಲ.

ಗಡಿ ಸಿಕ್ಕಿದ್ದು ಕೆಳತಟ್ಟೆಯ ಒಳಮೈಯಲ್ಲಿ. ಮೈಯ ತಗಡು ಒಳಗೆ ಬರಿಯ ತವರದ ಬಣ್ಣವಾಗಿತ್ತು, ಕೆಳತಟ್ಟೆ ಮಾತ್ರ ಬೇರೆ ಸರಕಿನಿಂದ ಆದದ್ದು. ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದ ಅದರ ಒಳಮುಖದಲ್ಲಿ ಹಸಿರು, ಹಳದಿಯ ಇನ್ನೊಂದು ಮುದ್ರಣ ತಲೆಕೆಳಗಾಗಿ ಕಾಣುತ್ತಿತ್ತು. ವನಸ್ಪತಿ ಡಬ್ಬದ ಹಾಳೆ. ಬೇರೆ ಉದ್ಯಮದ ತಗಡನ್ನು ಗೊಂಬೆಯವರು ಬಳಸುವುದು ಹೊಸತಲ್ಲ, ಎರಡನೆಯ ಮಹಾಯುದ್ಧ ಮುಗಿದೊಡನೆ ಜಪಾನಿನಲ್ಲಿ ಬಿಸಾಡಿದ ಡಬ್ಬಗಳ ತಗಡಿನಿಂದಲೇ ಆಟದ ಜೀಪುಗಳು ತಯಾರಾದವು. ಇಲ್ಲಿ ಬಳಸಿದ್ದು ಡಬ್ಬವನ್ನು ಬಿಡಿಸಿದ ತಗಡೋ, ಅಚ್ಚಿನ ಮನೆಯಲ್ಲಿ ತಿರಸ್ಕೃತವಾದ ಹಾಳೆಯೋ ಎಂದು ಮೊದಲು ನೋಡಬೇಕು. ಬಿಡಿಸಿದ ಡಬ್ಬವಾದರೆ ಬೆಸುಗೆಯ ಗುರುತು, ಅಂಚಿನ ಮಡಿಕೆ, ಬಾಗಿದ್ದ ನೆನಪು ಉಳಿದಿರುತ್ತದೆ. ಇದರಲ್ಲಿ ಅದೇನೂ ಇರಲಿಲ್ಲ, ಬದಲಿಗೆ ಹಸಿರು ಮತ್ತು ಹಳದಿ ಒಂದಕ್ಕೊಂದು ಸುಮಾರು ಮೂರು ಮಿಲಿಮೀಟರ್ ಸರಿದಿದ್ದವು. ತಿರಸ್ಕೃತ ಹಾಳೆಯೇ ಸರಿ.

ತುಂಡಾದ ಬರಹದಲ್ಲಿ ಎರಡು ಸಂಗತಿ ಓದಲು ಬಂದವು. ಒಂದು, ನಿವ್ವಳ ತೂಕ 2 ಕೆ.ಜಿ. ಎಂಬುದು. ನಮ್ಮ ದೇಶದಲ್ಲಿ ಮೆಟ್ರಿಕ್ ತೂಕಗಳು 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದು 1962ರ ಏಪ್ರಿಲಿನಿಂದ ಕಡ್ಡಾಯವಾದವು. ಅದಕ್ಕೆ ಮುಂಚೆ ಇಂಥ ಡಬ್ಬದ ಮೇಲೆ ಪೌಂಡೋ ಸೇರೋ ಇರುತ್ತಿತ್ತು. ಎರಡು, ವಿಳಾಸದ ಕೊನೆಯಲ್ಲಿ ಬಾಂಬೆ ಎಂದು ಬರೆದು ಒಂದು ಗೆರೆ ಎಳೆದು ಎರಡಂಕಿಯ ಅಂಚೆ ವಲಯ ಸಂಖ್ಯೆ ಹಾಕಿತ್ತು. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆದ್ದರಿಂದ ಈ ಹಾಳೆ ಅಚ್ಚಾದದ್ದು ಹೆಚ್ಚುಕಡಿಮೆ 1958ರಿಂದ 1972ರ ನಡುವೆ.

ಎರಡೂ ಗಡಿಗಳು ಸಮಾನ ಬಲದವಲ್ಲ. ಕೆಳಗಿನ ಗಡಿ ಗಟ್ಟಿ: ಕೆಳತಟ್ಟೆ ಮೂಲ ಭಾಗವೆಂದು ನಾಲಿಗೆಗಳು ಹೇಳಿವೆ, ಕೆ.ಜಿ. ಅಚ್ಚಾದ ತಗಡಿನಿಂದ ಸ್ವಾತಂತ್ರ್ಯಕ್ಕೆ ಮುಂಚೆ ಗೊಂಬೆ ಮಾಡಲು ಸಾಧ್ಯವೇ ಇಲ್ಲ. ಮೇಲಿನ ಗಡಿ ಸಡಿಲ: ಹಳೆಯ ವಿಳಾಸದ ಅಚ್ಚನ್ನು ಪಿನ್ ಕೋಡ್ ಬಂದ ಮೇಲೂ ಕೆಲಕಾಲ ಬಳಸಿರಬಹುದು, ರದ್ದಿ ಹಾಳೆ ಗೋದಾಮಿನಲ್ಲಿ ಕೆಲವು ವರ್ಷ ಬಿದ್ದಿದ್ದಿರಬಹುದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಆದರೂ 'ಚಿತ್ರದುರ್ಗ ಜಿಲ್ಲೆ' ಎಂದು ಅಚ್ಚಾದ ಬಿಲ್ಲುಪುಸ್ತಕ ಮುಗಿಯುವವರೆಗೆ ಅದರಲ್ಲೇ ಬಿಲ್ಲು ಬರೆದ ಅಂಗಡಿಗಳು ನಮ್ಮೂರಿನಲ್ಲಿದ್ದವು. ಪ್ಲಾಸ್ಟಿಕ್ ಇಲ್ಲದಿರುವುದನ್ನೂ ಸಪಾಟು ಶಾಯಿಗಳನ್ನೂ ಸೇರಿಸಿ ನೋಡಿದರೆ 1960ರ ದಶಕವೆಂದು ಬರೆದಿಡುವುದು ನ್ಯಾಯ, ಅದಕ್ಕಿಂತ ಸಣ್ಣ ಅವಧಿಗೆ ಇಳಿಸಲು ಆಧಾರವಿಲ್ಲ. ಪೆಟ್ಟಿಗೆ ಉಳಿದು ಅದರ ಮೇಲೆ ನಯೇಪೈಸೆಯಲ್ಲಿ ಬೆಲೆಯಿದ್ದಿದ್ದರೆ 1957ರಿಂದ 1964ರ ಒಳಗೆ ತರಬಹುದಿತ್ತು.

"ಹಾಗಾದರೆ ನಮ್ಮ ತಂದೆಯವರು ಹೇಳಿದ್ದು ಸುಳ್ಳಾಯಿತೇ?" ಎಂದು ಆ ಶಿಕ್ಷಕಿ ಕೇಳಿದರು. "ಸುಳ್ಳು ಅಂತ ಯಾಕೆ ಅನ್ನಬೇಕು ಅಕ್ಕಾರೇ, ಅವರು ಹೇಳಿದ ಕಾರು ಬೇರೆ ಇದ್ದಿರಬಹುದು. ಈ ಕಾರು ಅದಲ್ಲ ಅನ್ನುವುದಷ್ಟೇ ನನ್ನ ಮಾತು" ಎಂದೆ. ಸ್ವಲ್ಪ ಯೋಚಿಸಿ, ತಮ್ಮ ಕಿರಿಯ ತಮ್ಮ ಹುಟ್ಟಿದ್ದು 1961ರಲ್ಲಿ, ಇದರಲ್ಲಿ ಆಡಿದ್ದು ಅವನೇ ಎಂದರು. ಅದನ್ನೂ ಬರೆದುಕೊಂಡೆ, ಸಾಕ್ಷ್ಯವಾಗಿ ಅಲ್ಲದಿದ್ದರೂ ಸಾಕ್ಷ್ಯಕ್ಕೆ ವಿರುದ್ಧವಾಗಿಲ್ಲ ಎಂಬ ಕಾರಣಕ್ಕೆ.

ಇನ್ನು ದುರಸ್ತಿ. ಸ್ಪ್ರಿಂಗಿನ ಒಳತುದಿ, ದಂಡದ ಕೊಕ್ಕೆಗೆ ಸಿಕ್ಕಿಕೊಳ್ಳುವ ತೂತಿನಲ್ಲೇ ಹರಿದಿತ್ತು. ಕೀಲಿ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುವುದು ಇದರ ಲಕ್ಷಣ. ಹೊರತುದಿ ಕಳಚಿದ್ದರೆ ಸುರುಳಿಯೇ ಒಳಗೆ ಜಾರಿ ತಿರುಗುವುದು ಕಣ್ಣಿಗೆ ಕಾಣುತ್ತದೆ. ಪಕ್ಕತಟ್ಟೆಗಳನ್ನು ಬೇರ್ಪಡಿಸುವ ಮುನ್ನ ಸುರುಳಿಯನ್ನು ತಂತಿಯಿಂದ ಕಟ್ಟಬೇಕು, ಕೈಗೆ ಚರ್ಮದ ಗವಸು ಇರಬೇಕು. ಬಿಡುವು ಸಿಕ್ಕ ಸ್ಪ್ರಿಂಗು ಬೆರಳನ್ನು ಬ್ಲೇಡಿನಂತೆ ಸೀಳುತ್ತದೆ. ಹರಿದ ತುದಿಯನ್ನು ನೆಟ್ಟಗೆ ಕತ್ತರಿಸಿ, ಸುರುಳಿಯ ಉಳಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ತುದಿಯ 15 ಮಿಲಿಮೀಟರ್ ಮಾತ್ರ ಸ್ಪಿರಿಟ್ ದೀಪದ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ ತಾನಾಗಿಯೇ ಆರಲು ಬಿಟ್ಟೆ. ಹೀಗೆ ಮೆತ್ತಗಾಗಿಸದೆ ತೂತು ಕೊರೆಯಹೋದರೆ ಗಡಸು ಉಕ್ಕು ಬಿರಿಯುತ್ತದೆ. ಹೆಚ್ಚು ಉದ್ದ ಕಾಯಿಸಿದರೆ ಅಷ್ಟೂ ಭಾಗ ಸತ್ವ ಕಳೆದುಕೊಂಡು ಶಕ್ತಿ ಹಿಡಿಯುವುದಿಲ್ಲ. ಆಮೇಲೆ ಒಂದೂವರೆ ಮಿಲಿಮೀಟರ್‌ನ ತೂತು ಕೊರೆದು, ಅದನ್ನು ಸಣ್ಣ ಅರದಿಂದ ಉದ್ದುದ್ದಕ್ಕೆ ಹಿಗ್ಗಿಸಿ, ಅಂಚುಗಳನ್ನು ದುಂಡಗೆ ಮಾಡಿದೆ. ಚೂಪು ಮೂಲೆ ಉಳಿದರೆ ಮುಂದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ತೊಳೆದು ಒಣಗಿಸಿದ ಸುರುಳಿಗೆ ತೆಳುವಾಗಿ ಗ್ರೀಸು, ಅಚ್ಚುಗಳ ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಹಲ್ಲುಗಳಿಗೆ ಏನೂ ಬೇಡ, ಎಣ್ಣೆಯಿದ್ದರೆ ಧೂಳು ಕೂರುತ್ತದೆ.

ಕೀಲಿಗೆ ಮೂಲದ ಹಾಗೆ ತಂತಿಯದನ್ನೇ ಮಾಡಬೇಕೆಂದುಕೊಂಡರೂ, ದಂಡದಲ್ಲಿ ಹೊಸ ಅಡ್ಡತೂತು ಕೊರೆಯುವಷ್ಟು ಉದ್ದ ಉಳಿದಿರಲಿಲ್ಲ. ಅದನ್ನು ಬದಲಿಸಿದರೆ ಮುರಿದ ತೂತಿನ ಸಾಕ್ಷ್ಯವೇ ಹೋಗುತ್ತದೆ. ಹಾಗಾಗಿ 3 ಮಿಲಿಮೀಟರ್ ಚೌಕಕ್ಕೆ ಸರಿಯಾಗಿ ಕೂರುವ ಕಳಚುವ ಕೀಲಿಯನ್ನು ಉಕ್ಕಿನಲ್ಲಿ ಮಾಡಿ, ರೆಕ್ಕೆಯ ಮೇಲೆ ಈ ವರ್ಷವನ್ನು ಒತ್ತಿದೆ; ಮುಂದೆ ಯಾರಾದರೂ ಈ ಕಾರನ್ನು ನೋಡುವಾಗ ಕೀಲಿ ಅವರ ದಾರಿ ತಪ್ಪಿಸಬಾರದು. ಗಡಿಯಾರದ ಹಿತ್ತಾಳೆ ಕೀಲಿ, ಅದೇ ದಾರದಲ್ಲಿ, ಬೇರೆ ಚೀಟಿಯೊಂದಿಗೆ ಹೋಯಿತು. ಮೂತಿಯ ತೇಪೆಯನ್ನು ಮುಟ್ಟಲಿಲ್ಲ. ಆರು ಸುತ್ತು ಕೀಲಿ ಕೊಟ್ಟರೆ ಕಾರು ರೆಡ್ ಆಕ್ಸೈಡ್ ನೆಲದ ಮೇಲೆ ಮೂರು ಮೀಟರಿನಷ್ಟು ಓಡುತ್ತದೆ, ಆದರೆ ಎಡಕ್ಕೆ ಎಳೆಯುತ್ತದೆ. ಮುಂದಿನ ಅಚ್ಚು ಬಾಗಿದೆ, ಅದನ್ನು ನೆಟ್ಟಗೆ ಮಾಡಲು ಹೋದರೆ ತುಕ್ಕು ತಿಂದ ಅದರ ಹಿಡಿಕೆಯ ತಗಡು ಒಡೆಯುವ ಸಂಭವವಿರುವುದರಿಂದ ಹಾಗೆಯೇ ಬಿಟ್ಟಿದ್ದೇನೆ.